ಹತ್ತೊಂಬತ್ತನೆಯ ಪಾರಾ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಈಗಲೂ ಅಷ್ಟೇ. ಬಸ್ಸು ಐದು ನಿಮಿಷ ತಡವಾದರೆ ಸ್ಟ್ಯಾಂಡಿನ ತುಂಬ ಓಡಾಡುತ್ತೇನೆ, ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವಷ್ಟರಲ್ಲಿ ನಾಲ್ಕು ಸಲ ಚಪ್ಪಲಿ ಹಾಕಿ ಬಿಚ್ಚಿರುತ್ತೇನೆ. ಇಂಥವನನ್ನು ಕುರ್‌ಆನ್ ಪೂರ್ತಿ ಬಾಯಿಪಾಠ ಮಾಡಲೆಂದು ಮಸೀದಿಯ ಚಾಪೆಯ ಮೇಲೆ ತಂದು ಕೂರಿಸಿದ್ದು ಅಬ್ಬಾ ಮಾಡಿದ ತಮಾಷೆಯೋ ದೇವರು ಮಾಡಿದ ತಮಾಷೆಯೋ, ನನಗೆ ಇನ್ನೂ ಬಗೆಹರಿದಿಲ್ಲ.

ಅಬ್ಬಾನಿಗೆ ಒಂದು ಲಾರಿ ಇತ್ತು. ಹಾನುಬಾಳು, ವನಗೂರು ಕಡೆಯ ಎಸ್ಟೇಟುಗಳ ಸ್ಟೋರಿನಿಂದ ಕಾಫಿ ಮೂಟೆ ಏರಿಸಿಕೊಂಡು ಹಾಸನಕ್ಕೆ ಇಳಿಸಿ ಬರುವುದು ಕೆಲಸ. ಸಕಲೇಶಪುರದ ನಮ್ಮ ಮನೆ ಮಸೀದಿಯ ಬೀದಿಯಲ್ಲೇ. ಮದ್ರಸಾ ಎಂದರೆ ದೊಡ್ಡ ಕಟ್ಟಡವೇನಲ್ಲ. ಮಸೀದಿಗೆ ಒತ್ತಿಕೊಂಡ ಒಂದು ಹೆಂಚಿನ ಕೋಣೆ, ಎರಡು ಉದ್ದನೆಯ ಗಿಡ್ಡ ಬೆಂಚು, ಬೆಂಚಿನ ಮೇಲೆ ಕುರ್‌ಆನ್, ಹಿಂದೆ ಚಾಪೆಯ ಮೇಲೆ ನಾವು. ಕೆಲವರ ಮನೆಮಾತು ಉರ್ದು, ಘಟ್ಟದ ಕೆಳಗಿಂದ ಬಂದವರದು ಬ್ಯಾರಿ. ಆದ್ದರಿಂದ ಓದುವುದು ಅರಬ್ಬಿಯಾದರೂ ಬೈಸಿಕೊಳ್ಳುವುದು ಕನ್ನಡದಲ್ಲಿ. ನಮ್ಮ ಹಜ್ರತ್, ಅಂದರೆ ಗುರುಗಳು, ಆಲೂರು ಸೀಮೆಯ ಮಗ್ಗೆಯ ಕಡೆಯವರು. ಕುರ್‌ಆನ್ ಓದುವಾಗ ಅವರ ಅಕ್ಷರಗಳು ಗಂಟಲಿನ ಎಲ್ಲೆಲ್ಲಿಂದಲೋ ಶುದ್ಧವಾಗಿ ಎದ್ದು ಬರುತ್ತಿದ್ದವು. ಓದು ನಿಂತ ಕೂಡಲೇ ಹೊಲದ ಬದುವಿನ ಮೇಲೆ ನಿಂತವರ ಹಾಗೆ, "ಯಾಕ್ಲಾ, ನಿದ್ದೆ ಬಂದ್‌ಬುಡ್ತಾ?" ಎನ್ನುತ್ತಿದ್ದರು.

ಬಾಯಿಪಾಠದ ಕ್ರಮ ಹೀಗಿತ್ತು. ಕುರ್‌ಆನಿನಲ್ಲಿ ಮೂವತ್ತು ಪಾರಾ, ಅಂದರೆ ಮೂವತ್ತು ಭಾಗ. ಪುಟ್ಟ ಅಧ್ಯಾಯಗಳಿರುವ ಕೊನೆಯ ಪಾರಾ ಮೊದಲು. ಅದು ಬಾಯಿಗೆ ಬಂದ ಮೇಲೆ ಒಂದನೆಯದರಿಂದ ಸಾಲಾಗಿ. ದಿನದ ಹೊಸ ಪಾಠಕ್ಕೆ ಸಬಕ್ ಎಂದು ಹೆಸರು. ಹಿಂದಿನ ಸಂಜೆಯೇ ಹಜ್ರತ್ತರ ಮುಂದೆ ಅದನ್ನು ನೋಡಿ ಓದಿ ಉಚ್ಚಾರ ತಿದ್ದಿಸಿಕೊಳ್ಳಬೇಕು. ಆಮೇಲೆ ಒಂದು ಸಾಲು ಹಿಡಿದು ಕಣ್ಣು ಮುಚ್ಚಿದರೂ ಬರುವ ತನಕ ಹೇಳಬೇಕು, ಎರಡನೆಯ ಸಾಲು ಹಿಡಿದು ಮೊದಲನೆಯದಕ್ಕೆ ಜೋಡಿಸಬೇಕು. ಬೆಳಗಿನ ನಮಾಜ್ ಮುಗಿದೊಡನೆ ಪುಸ್ತಕ ಮುಚ್ಚಿ ಒಪ್ಪಿಸಬೇಕು. ಅದಾದ ಮೇಲೆ, ಈಗ ನಡೆಯುತ್ತಿರುವ ಪಾರಾದಲ್ಲಿ ಇದುವರೆಗೆ ಆಗಿರುವಷ್ಟನ್ನೂ ಹೇಳಬೇಕು. ಮಧ್ಯಾಹ್ನಕ್ಕೆ ಆಮೋಖ್ತಾ. ಅಂದರೆ ಎಂದೋ ಕಲಿತು ಮುಗಿಸಿದ ಹಳೆಯ ಪಾರಾಗಳು, ದಿನಕ್ಕೊಂದರಂತೆ ಸುತ್ತು ಹಾಕಿಕೊಂಡು. ಸುತ್ತು ಮುಗಿದರೆ ಮತ್ತೆ ಮೊದಲಿಂದ. ಈ ಸುತ್ತಿಗೆ ಕೊನೆಯೇ ಇಲ್ಲ. ಸಾಯುವ ತನಕ ಇದೆ.

ನನಗೆ ಸಬಕ್ ಎಂದರೆ ಪ್ರಾಣ, ಆಮೋಖ್ತಾ ಎಂದರೆ ತಲೆನೋವು. ಹೊಸ ಪುಟವನ್ನು ಬೇರೆ ಹುಡುಗರು ಮೂಗು ಒರೆಸಿಕೊಳ್ಳುವಷ್ಟರಲ್ಲಿ ನುಂಗಿಬಿಡುತ್ತಿದ್ದೆ. ಯಾವ ಸಾಲು ಎಡಪುಟದಲ್ಲಿದೆ, ಯಾವುದು ಬಲಪುಟದ ತಳದಲ್ಲಿದೆ ಎಂದು ಕಣ್ಣಿಗೆ ಕಟ್ಟಿಬಿಡುತ್ತಿತ್ತು. ಅದಕ್ಕೇ ಎಲ್ಲರೂ ಮೊದಲಿನಿಂದ ಕೊನೆಯವರೆಗೆ ಒಂದೇ ಪ್ರತಿಯಲ್ಲಿ ಓದಬೇಕೆಂದು ಹಜ್ರತ್ ಕಟ್ಟುನಿಟ್ಟು ಮಾಡಿದ್ದರು. ಬೇರೆ ಅಚ್ಚಿನ ಪುಸ್ತಕ ಹಿಡಿದರೆ ಮನೆಯ ಪಾತ್ರೆಗಳನ್ನು ಯಾರೋ ಜಾಗ ಬದಲಿಸಿಟ್ಟ ಹಾಗಾಗುತ್ತದೆ. ಆದರೆ ಮುಗಿಸಿದ್ದನ್ನು ಮತ್ತೆ ಹೇಳು ಎಂದರೆ ನನ್ನ ಮೊಣಕಾಲು ತಾನಾಗಿ ಕುಣಿಯಲು ಶುರುವಾಗುತ್ತಿತ್ತು. ಕಿಟಕಿಯಾಚೆ ಲಾರಿಯ ಹಾರ್ನ್ ಕೇಳಿದರೆ ನಾಲಿಗೆ ಇಲ್ಲೇ ಇದ್ದು ನಾನು ಹಾನುಬಾಳಿನ ತಿರುವಿನಲ್ಲಿರುತ್ತಿದ್ದೆ.

ಹಜ್ರತ್ ಒಟ್ಟಿಗೆ ಮೂವರ ಪಾಠ ಕೇಳುತ್ತಿದ್ದರು. ನೋಡುವವರಿಗೆ ಅವರು ಎಲ್ಲೋ ನೋಡುತ್ತ ತಸ್ಬೀಹ್ ಮಣಿ ಎಣಿಸುತ್ತಿದ್ದಾರೆ ಅನ್ನಿಸಬೇಕು. ಎಲ್ಲಿ ತಪ್ಪಿದರೂ ಬೆರಳಿನಿಂದ ಬೆಂಚಿಗೆ ಟಕ್ ಎಂದು ತಟ್ಟುತ್ತಿದ್ದರು. ಒಮ್ಮೆ ತಟ್ಟಿದರೆ, ತಪ್ಪಿದ್ದೀಯ, ನೀನೇ ಹುಡುಕಿಕೋ ಎಂದರ್ಥ. ಎರಡನೆಯ ಸಲ ತಟ್ಟಿದರೂ ಸಿಗದಿದ್ದರೆ ಮಾತ್ರ ಹೇಳಿಕೊಡುವುದು. ಒಂದು ಪಾರಾದಲ್ಲಿ ಹೀಗೆ ಮೂರು ಕಡೆ ಹೇಳಿಸಿಕೊಂಡರೆ ಆ ಪಾರಾ ಕಚ್ಚಾ, ನಾಳೆಯೂ ಅದೇ.

ನಾನು ಹದಿನೈದನೆಯ ಪಾರಾ ಮುಗಿಸಿದಾಗ ಅಬ್ಬಾ ಬಜಾರಿನಲ್ಲೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದರು. ಮುಂದಿನ ರಂಜಾನಿನೊಳಗೆ ಮಗ ಇಡೀ ಕುರ್‌ಆನ್ ಬಾಯಿಪಾಠ ಬರುವ ಹಾಫಿಜ್ ಆಗುತ್ತಾನೆ, ಬೀದಿಗೆಲ್ಲ ಬಿರಿಯಾನಿ ಎಂದು ಕಂಡಕಂಡವರಿಗೆ ಹೇಳಿಬಿಟ್ಟಿದ್ದರು. ಹಜ್ರತ್ ಅಂದೇ ನನ್ನನ್ನು ಪರೀಕ್ಷೆಗೆ ಕೂರಿಸಿ ಐದನೆಯ ಪಾರಾದ ನಡುವಿನಿಂದ ಒಂದು ಸಾಲು ಎತ್ತಿಕೊಟ್ಟು, "ಇಲ್ಲಿಂದ ಹೇಳು" ಎಂದರು. ಎರಡು ಪುಟ ಹೋದೆ, ನಿಂತೆ. ಎಂಟನೆಯದರಲ್ಲಿ ಕೊಟ್ಟರು. ಅದರಲ್ಲಿ ಅರ್ಧ ಪುಟ.

"ನಾಳೆಯಿಂದ ಸಬಕ್ ಬಂದ್" ಎಂದರು. "ಹಳೇದು ಗಟ್ಟಿಯಾಗೋ ಗಂಟ ಹೊಸದು ಇಲ್ಲ ಕಣೋ."

ಎಷ್ಟು ದಿನ ಎಂದು ಕೇಳಿದೆ. ಅದು ನಿನಗೇ ಗೊತ್ತು ಎಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಮನೆಗೆ ಹೋಗಿ ಅಮ್ಮಿ ಕೊಟ್ಟ ರೊಟ್ಟಿಯನ್ನು ಮುಟ್ಟಲಿಲ್ಲ. ಅಬ್ಬಾ ಮರುದಿನವೇ ಮದ್ರಸಾದ ಬಾಗಿಲಲ್ಲಿ ನಿಂತರು.

"ಹುಡುಗ ಓಡ್ತಾ ಅವ್ನೆ ಹಜ್ರತ್, ನೀವು ಬ್ರೇಕ್ ಹಾಕ್ತೀರಲ್ಲ?"

"ನೀವು ಮೂಟೆ ಮ್ಯಾಲೆ ಮೂಟೆ ಏರ್ಸಿ, ಹಿಂದ್ಗಡೆ ಹಗ್ಗ ಬಿಚ್ಚೋಗಿದ್ರೂ ಗಾಡಿ ಬುಡ್ತೀರಾ ಸಾಬ್ರೇ?" ಎಂದರು ಹಜ್ರತ್. ಅಬ್ಬಾ ಬೀಡಿ ಹಚ್ಚಲು ಹೊರಗೆ ಹೋದರು.

ಆಗ ಹಜ್ರತ್ ನನಗೊಂದು ಹೊಸ ಕೆಲಸ ಹಚ್ಚಿದರು. ಸಂಜೆ ಅಸರ್ ನಮಾಜಿನ ನಂತರ ಅವರು ಹೇಮಾವತಿ ದಂಡೆಯ ಕಡೆ ನಡೆಯಲು ಹೋಗುತ್ತಿದ್ದರು. ನಾನು ಕೈಕಾಲು ಮುಖ ತೊಳೆದು ವುಜೂ ಮಾಡಿಕೊಂಡು ಕುರ್‌ಆನ್ ಹಿಡಿದು ಜೊತೆಗೆ ಹೋಗಬೇಕು. ಹೋಗುವಾಗ ಅವರು ತಮ್ಮ ಒಂದು ಪಾರಾ ಹೇಳುತ್ತಾರೆ, ನಾನು ಪುಟ ನೋಡುತ್ತ ಕೇಳಬೇಕು. ಬರುವಾಗ ನಾನು ಹೇಳುತ್ತೇನೆ, ಅವರು ಕೇಳುತ್ತಾರೆ. "ಕೂತ್ರೆ ನಿಂಗೆ ಇರುವೆ ಕಡೀತವೆ. ನಡೀತಾ ಹೇಳು" ಎಂದರು. ನನ್ನ ಕಾಲಿಗೆ ಕೆಲಸ ಸಿಕ್ಕಿದ್ದೇ ತಡ, ನಾಲಿಗೆ ಹತೋಟಿಗೆ ಬಂತು. ಕಳೆದುಹೋಗಿದ್ದ ಪಾರಾಗಳು ಒಂದೊಂದಾಗಿ ಮನೆಗೆ ಬರತೊಡಗಿದವು.

ಆದರೆ ನನಗೆ ರುಚಿ ಹತ್ತಿದ್ದು ಕೇಳುವುದರಲ್ಲಿ. ಬೆಂಚಿಗೆ ತಟ್ಟುವವರನ್ನೇ ಹಿಡಿದುಹಾಕುವ ಅವಕಾಶ. ಗಿಡುಗನ ಹಾಗೆ ಕಾಯುತ್ತಿದ್ದೆ. ಮೊದಲ ಹತ್ತು ಪಾರಾಗಳಲ್ಲಿ ಕೂದಲೆಳೆಯಷ್ಟೂ ಸಿಗಲಿಲ್ಲ. ಹತ್ತು ದಾಟಿದ ಮೇಲೆ ಸಿಗತೊಡಗಿತು. ಒಂದು ದಿನ ಒಂದು, ಇನ್ನೊಂದು ದಿನ ಮೂರು. ನಾನು ಪುಸ್ತಕದ ರಟ್ಟಿಗೆ ಉಗುರಿನಿಂದ ಟಕ್ ಎನ್ನಿಸುತ್ತಿದ್ದೆ. ಅವರು ನಿಂತು, ಆಕಾಶ ನೋಡಿ, ಹಿಂದಕ್ಕೆ ಹೋಗಿ ಹುಡುಕಿಕೊಳ್ಳುತ್ತಿದ್ದರು. ನಾನು ಚುರುಕಾಗಿರಲಿ ಎಂದು ಬೇಕೆಂದೇ ತಪ್ಪುತ್ತಿದ್ದಾರೆ ಎಂದು ನನ್ನ ಖಾತ್ರಿ. ಈ ಮುದುಕ ನನ್ನನ್ನೇ ಆಟ ಆಡಿಸುತ್ತಾನಲ್ಲ ಎಂದು ಒಳಗೊಳಗೇ ಉರಿಯುತ್ತಿತ್ತು ಕೂಡ.

ಹತ್ತೊಂಬತ್ತನೆಯ ಪಾರಾದ ದಿನ ಅವರು ಮೂಸಾ ಪ್ರವಾದಿ ಮತ್ತು ಮಂತ್ರವಾದಿಗಳ ಭಾಗಕ್ಕೆ ಬಂದರು. ಆ ಪ್ರಸಂಗ ಒಂಬತ್ತನೆಯ ಪಾರಾದಲ್ಲೂ ಇದೆ. ಎಷ್ಟೋ ಸಾಲುಗಳು ಹೆಚ್ಚುಕಡಿಮೆ ಒಂದೇ. ಎಲ್ಲೋ ಒಂದು ಕಡೆ ಒಂದು ಸಣ್ಣ ತಿರುವು. ಬಾಯಿಪಾಠದವರೆಲ್ಲ ಇಂಥ ಕಡೆಗಳಿಗೆ ಹೆದರುತ್ತಾರೆ. ತಿರುವಿನಲ್ಲಿ ಒಂದು ಕ್ಷಣ ಮೈಮರೆತರೆ ಇಲ್ಲಿಂದ ಅಲ್ಲಿಗೆ ಜಾರಿ, ತಪ್ಪಿದ್ದೇ ತಿಳಿಯದೆ ಸರಾಗವಾಗಿ ಹೋಗುತ್ತಲೇ ಇರುತ್ತೇವೆ. ಹಜ್ರತ್ ಜಾರಿದರು. ತಟ್ಟಿದೆ. ಹಿಂದಕ್ಕೆ ಹೋದರು, ಬಂದರು, ಅಲ್ಲೇ ಮತ್ತೆ ಜಾರಿದರು. ಮೂರನೆಯ ಸಲವೂ.

"ಸಾಕು ಹಜ್ರತ್, ಬೇಕಂತ ಯಾಕೆ ತಪ್ತೀರಿ?" ಎಂದೆ.

ಅವರು ನನ್ನ ಮುಖ ನೋಡಿದರು. ದಂಡೆಯ ಒಂದು ಬಂಡೆಯ ಮೇಲೆ ಕೂತರು. ನಡೆಯಲು ಹೊರಟವರು ನಡುದಾರಿಯಲ್ಲಿ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನಂಗೆ ಬತ್ತಾ ಇಲ್ಲ ಕಣೋ" ಎಂದರು. "ಹಾಫಿಜ್ ಅಂದ್ರೆ ಕೇಳೋರು ಬೇಕು. ಈ ಊರಲ್ಲಿ ನಂಗೆ ಯಾರವ್ರೆ? ನಿಮ್ಮಂಥ ಹುಡುಗ್ರದ್ದೇ ಬೆಳಗಿಂದ ಸಂಜೆಗಂಟ ಕೇಳ್ತೀನಿ. ನೀವೆಲ್ಲ ಹತ್ತು ಪಾರಾ ಮಾಡಿ ಅಂಗಡಿ, ಲಾರಿ ಅಂತ ಓಡೋಯ್ತೀರಿ. ಮೊದಲಿನ ಹತ್ತು ನಂಗೆ ದಿನಾ ಕಿವಿಗೆ ಬೀಳ್ತವೆ, ಉಳ್ಕಂಡವೆ. ಮುಂದಿನವು ಕೇಳೋರಿಲ್ದೆ ಸವೆದು ಹೋಗ್ಬುಟ್ಟವೆ. ಮಳೆಗಾಲದ ಜ್ವರ ಬಂದ ಮೇಲಂತೂ ಇನ್ನೂ ಕಷ್ಟ ಆಗೈತೆ."

ರಂಜಾನ್ ಹತ್ತಿರ ಬರುತ್ತಿತ್ತು. ರಂಜಾನಿನ ರಾತ್ರಿಗಳ ತರಾವೀಹ್ ನಮಾಜಿನಲ್ಲಿ ಇಡೀ ಕುರ್‌ಆನನ್ನು ದಿನಕ್ಕಿಷ್ಟು ಎಂದು ಬಾಯಿಂದಲೇ ಓದಿ ಮುಗಿಸಬೇಕು. ಇಮಾಮರಾಗಿ ನಿಲ್ಲುವವರು ಹಜ್ರತ್. ಹಿಂದಿನ ರಂಜಾನಿನಲ್ಲಿ ಅವರು ಎರಡು ಕಡೆ ತಡವರಿಸಿದ್ದರೆಂದು ಮಸೀದಿಯ ಮುತವಲ್ಲಿಗಳು, ಅಂದರೆ ಆಡಳಿತ ನೋಡುವ ಹಿರಿಯರು, ಅಬ್ಬಾನ ಎದುರೇ ಹೇಳಿದ್ದರು: ಈ ಸಲ ನಿಂತರೆ ಬೇರೆ ಹಾಫಿಜರನ್ನು ಕರೆಸಿ ಮದ್ರಸಾವನ್ನೂ ಅವರಿಗೇ ವಹಿಸುತ್ತೇವೆ ಎಂದು. ನಾನು ಬೇಸರ ಬಂದಾಗಲೆಲ್ಲ ಒಳಗೊಳಗೇ ಬೈದುಕೊಳ್ಳುತ್ತಿದ್ದ ಗುರುಗಳು ಊರು ಬಿಟ್ಟು ಹೋಗುತ್ತಾರೆಂಬುದು ಆಗ ನನಗೆ ತಡೆಯಲಾಗದ ಸಂಗತಿಯಾಯಿತು. ಹೀಗೆಂದು ಹಿಂದಿನ ದಿನ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಇಮಾಮರ ಹಿಂದೆ ಮೊದಲ ಸಾಲಿನಲ್ಲಿ ಕೇಳುವವನೊಬ್ಬ ನಿಲ್ಲುತ್ತಾನೆ. ಇಮಾಮರು ತಪ್ಪಿದರೆ ಅಲ್ಲಿಂದಲೇ ಸರಿಯಾದ ಸಾಲು ಎತ್ತಿಕೊಡುತ್ತಾನೆ. ಅದಕ್ಕೆ ಲುಕ್ಮಾ ಎನ್ನುತ್ತಾರೆ, ತುತ್ತು ಕೊಟ್ಟ ಹಾಗೆ. ನಮ್ಮ ಪದ್ಧತಿಯಲ್ಲಿ ನಮಾಜಿನೊಳಗೆ ಪುಸ್ತಕ ಹಿಡಿಯುವಂತಿಲ್ಲ. ಅವನಿಗೂ ಬಾಯಿಪಾಠ ಇರಬೇಕು. ಉಳಿದಿದ್ದ ಹುಡುಗರಲ್ಲಿ ಎಲ್ಲರಿಗಿಂತ ಮುಂದಿದ್ದವನು ನಾನು. ನಾನೋ ಹದಿನೈದಕ್ಕೆ ನಿಂತವನು.

"ನಂಗೆ ಸಬಕ್ ಕೊಡಿ" ಎಂದೆ. "ಹದಿನಾರು, ಹದಿನೇಳು, ಹದಿನೆಂಟು, ಹತ್ತೊಂಬತ್ತು. ರಂಜಾನಿನೊಳಗೆ ಮಾಡ್ತೀನಿ. ನಿಮ್ಮ ಹಿಂದೆ ನಿಲ್ತೀನಿ."

"ನಿನ್ನ ಹನ್ನೊಂದು, ಹನ್ನೆರಡು ಇನ್ನೂ ಅಲ್ಲಾಡ್ತವೆ."

"ಅವು ಆಮೇಲೆ ಆಗ್ತವೆ ಹಜ್ರತ್. ನಿಮ್ಮ ಕೆಲಸ ಹೋಗ್ತದೆ."

"ನನ್ ಕೆಲಸ ಉಳಿಸಾಕೆ ನೀನು ಹಸಿಹಸಿ ಕಲ್ತು, ನಾಳೆ ಎಲ್ಲಾ ಮರೀಬೇಕಾ?" ಅವರ ದನಿ ಏರಿತು. "ಸಬಕ್ ಬಂದ್ ಅಂದ್ರೆ ಬಂದ್. ಹನ್ನೊಂದು ಹೇಳು, ನಡಿ."

ಅವರ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು. ಮನೆಯಲ್ಲಿ ಕದ್ದು ಹತ್ತೊಂಬತ್ತನೆಯ ಪಾರಾ ತೆರೆದು ಕೂತೆ. ಎರಡು ದಿನ ಗುನುಗಿದೆ. ಮೂರನೆಯ ದಿನ ನದಿಯ ದಂಡೆಯಲ್ಲಿ ಒಂಬತ್ತನೆಯ ಪಾರಾ ಒಪ್ಪಿಸುವಾಗ ನನ್ನ ನಾಲಿಗೆ ಅದೇ ತಿರುವಿನಲ್ಲಿ ಹತ್ತೊಂಬತ್ತಕ್ಕೆ ಜಾರಿತು. ಗಟ್ಟಿ ಎಂದುಕೊಂಡಿದ್ದ ಒಂಬತ್ತೇ ಕೆಟ್ಟಿತ್ತು. ಹಜ್ರತ್ ಒಮ್ಮೆ ಚಿಟಿಕೆ ಹೊಡೆದು ಕಾದರು. ನಾನು ಆ ಪುಟವನ್ನು ಮತ್ತೆ ತೆರೆಯಲಿಲ್ಲ.

ಆ ವರ್ಷ ರಂಜಾನ್ ಕಾಫಿ ಕುಯ್ಲಿನ ಹೊತ್ತಿಗೆ ಬಂತು. ಹಗಲೆಲ್ಲ ಲಾರಿ, ಸಂಜೆಗೆ ಇಫ್ತಾರ್, ಮೈ ಕೊರೆಯುವ ಚಳಿಯಲ್ಲಿ ರಾತ್ರಿಯ ಇಶಾ ನಮಾಜ್ ಮುಗಿದ ಮೇಲೆ ತರಾವೀಹ್. ಅಬ್ಬಾ ಮಂಕಿ ಕ್ಯಾಪ್ ಹಾಕಿಕೊಂಡು ಎರಡನೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಹದಿನೈದರವರೆಗಾದರೂ ಆಗಲಿ ಎಂದು ಕೇಳುವವನ ಜಾಗದಲ್ಲಿ ನಾನು, ಹಜ್ರತ್ತರ ಬೆನ್ನ ಹಿಂದೆ. ಮೊದಲ ಹದಿನೈದು ಪಾರಾಗಳಲ್ಲಿ ನಾಲ್ಕೈದು ಕಡೆ ತುತ್ತು ಕೊಟ್ಟೆ. ಅವರು ತೆಗೆದುಕೊಂಡು ಸಾಗಿದರು. ಹೊರಗೆ ಬಂದು ಚಪ್ಪಲಿ ಹುಡುಕುವಾಗ ಮುತವಲ್ಲಿಗಳು ನನ್ನ ಬೆನ್ನು ತಟ್ಟಿದ್ದರು. ಹದಿನಾರು ಶುರುವಾದ ರಾತ್ರಿಯಿಂದ ನಾನು ಅಲ್ಲಿ ನಿಂತಿದ್ದರೂ ಒಂದೇ, ಬಿಟ್ಟಿದ್ದರೂ ಒಂದೇ. ಕೈ ಕಟ್ಟಿ ನಿಂತು, ಅವರು ಉಸಿರು ತೆಗೆದುಕೊಂಡಾಗಲೆಲ್ಲ ನಿಂತೇಬಿಟ್ಟರೋ ಎಂದು ಬೆವರುತ್ತಿದ್ದೆ. ಹದಿನಾರು ದಾಟಿತು, ಹದಿನೇಳು, ಹದಿನೆಂಟೂ ದಾಟಿತು.

ಹತ್ತೊಂಬತ್ತರ ರಾತ್ರಿ ಮಂತ್ರವಾದಿಗಳ ಭಾಗಕ್ಕೆ ಬಂದಾಗ ಅವರ ಓದು ನಿಧಾನವಾಯಿತು. ಒಂದೊಂದೇ ಸಾಲು ಕಾಲಿಟ್ಟು ನೋಡಿ ಮುಂದೆ ಹೋದರು. ಇದ್ದಕ್ಕಿದ್ದಂತೆ ಓದು ಸಲೀಸಾಗಿ, ಜೋರಾಗಿ ಹರಿಯತೊಡಗಿತು. ಹಿಂದೆ ನಿಂತ ಜನಕ್ಕೆ ಹಾಯೆನಿಸಿರಬೇಕು. ನಾನು ಮಾತ್ರ ಬೆಚ್ಚಿದೆ, ಏಕೆಂದರೆ ಆ ಸಾಲುಗಳೆಲ್ಲ ನನಗೆ ಬರುತ್ತಿದ್ದವು. ಅವರು ಒಂಬತ್ತನೆಯ ಪಾರಾಕ್ಕೆ ಹೋಗಿಬಿಟ್ಟಿದ್ದರು.

ಅವರು ಎಲ್ಲಿಗೆ ಬಂದಿದ್ದಾರೆಂದು ನನಗೆ ಗೊತ್ತು. ಎಲ್ಲಿಗೆ ಹೋಗಬೇಕಿತ್ತೆಂದು ಗೊತ್ತಿಲ್ಲ. ಆ ಮಸೀದಿಯಲ್ಲಿ ಇದು ತಿಳಿದವನು ನಾನೊಬ್ಬನೇ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಹಜ್ರತ್ ಉಳಿಯುತ್ತಾರೆ. ಆದರೆ ಓದುತ್ತಿರುವುದು ಯಾರ ಮುಂದೆ? ಮತ್ತೆ ನನ್ನನ್ನು ಅವರ ಹಿಂದೆ ನಿಲ್ಲಿಸಿದ್ದು ಏತಕ್ಕೆ? ಅವರು ಇನ್ನೂ ಎರಡು ಸಾಲು ಹೋದರು. ಎಚ್ಚರಿಸಲು ನಮಾಜಿನಲ್ಲಿ ಹೇಳಬಹುದಾದ ಒಂದೇ ಮಾತನ್ನು ನಾನು ಜೋರಾಗಿ ಹೇಳಿದೆ: "ಸುಬ್‌ಹಾನಲ್ಲಾಹ್."

ಅವರು ನಿಂತರು. ಹಿಂದಕ್ಕೆ ಹೋಗಿ ಎತ್ತಿಕೊಂಡು ಬಂದರು, ಅದೇ ತಿರುವಿನಲ್ಲಿ ನಿಂತರು. ಕಾದರು. ನಾನು ಕೊಡಬೇಕಾದ ತುತ್ತಿಗೆ ಕಾಯುತ್ತಿದ್ದಾರೆಂದು ಅವರ ಬೆನ್ನೇ ಹೇಳುತ್ತಿತ್ತು. ನನ್ನ ಬಾಯಲ್ಲಿ ಏನೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೊನೆಗೆ ಹಜ್ರತ್ ಅಲ್ಲಾಹು ಅಕ್ಬರ್ ಎಂದು ರುಕೂಗೆ ಬಾಗಿದರು. ನಾನು ಬಾಗಿದಾಗ ಕಣ್ಣೀರು ನೇರ ಚಾಪೆಗೆ ಬಿತ್ತು.

ನಮಾಜಿನ ಆ ಎರಡು ರಕಾತ್, ಅಂದರೆ ಎರಡು ಸುತ್ತು, ಮುಗಿಸಿ ಸಲಾಂ ಹೇಳಿ, ಅವರು ಜನರ ಕಡೆ ತಿರುಗಿ ಕೂತರು.

"ನಾನು ತಪ್ಪಿ ಬೇರೆ ಪಾರಾಕ್ಕೆ ಹೋಗಿದ್ದೆ" ಎಂದರು. "ಹುಡುಗ ಹೇಳ್ದಿದ್ರೆ ಅದ್ನೇ ಓದಿ ಮುಗಿಸ್ತಿದ್ದೆ. ಇಲ್ಲಿಂದ ಮುಂದೆ ನಂದು ಗಟ್ಟಿ ಇಲ್ಲ. ಹಾಸನದಿಂದ ಯಾರನ್ನಾದ್ರೂ ಕರೆಸ್ಕಳಿ. ಇವತ್ತು ಉಳಿದಿರೋ ನಮಾಜನ್ನ ಚಿಕ್ಕ ಅಧ್ಯಾಯ ಓದಿ ಮುಗಿಸ್ತೀನಿ."

ನಮಾಜ್ ಮುಗಿದ ಮೇಲೆ ಮುತವಲ್ಲಿಗಳು ಅಂಗಳದಲ್ಲೇ ಮಾತು ಎತ್ತಿದರು. ಮದ್ರಸಾದ ವಿಷಯವೂ ಈಗಲೇ ತೀರ್ಮಾನ ಆಗಲಿ ಎಂದರು. ನನ್ನ ಅಬ್ಬಾ, ಬ್ರೇಕ್ ಯಾಕೆ ಹಾಕ್ತೀರಿ ಎಂದು ಜಗಳಕ್ಕೆ ಹೋಗಿದ್ದ ಅಬ್ಬಾ, ಟೋಪಿ ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದರು.

"ತರಾವೀಹ್‌ಗೆ ಯಾರನ್ನಾದ್ರೂ ಕರ್ಕಂಡು ಬನ್ನಿ, ನನ್ ಲಾರಿ ಕಳಿಸ್ತೀನಿ" ಎಂದರು. "ಮಕ್ಕಳಿಗೆ ಇವರೇ ಇರ್ಲಿ ಮಾರಾಯ್ರೆ. ಗುರುವಿನ ತಪ್ಪು ಹಿಡಿಯೋ ಹಂಗೆ ಕಲಿಸೋರು ಇನ್ನೆಲ್ಲಿ ಸಿಕ್ತಾರೆ?"

ಮುತವಲ್ಲಿಗಳು ಹಬ್ಬ ಕಳೆಯಲಿ ನೋಡೋಣ ಎಂದರು. ನೋಡುವುದು ಹಾಗೇ ಮುಂದೆ ಹೋಗಿ, ಹಜ್ರತ್ ಉಳಿದರು.

ಮರುದಿನ ಮಧ್ಯಾಹ್ನ ನಾನು ಹೆದರುತ್ತಲೇ ಮದ್ರಸಾಕ್ಕೆ ಹೋದೆ. ಹಜ್ರತ್ ಕಿಟಕಿಯ ಬಳಿಯ ತಮ್ಮ ಜಾಗದಿಂದ ಎದ್ದು, ನನ್ನನ್ನು ಅಲ್ಲಿ ಕೂರಿಸಿದರು. ಎಲ್ಲ ಹುಡುಗರೂ ನೋಡುತ್ತಿದ್ದರು. ಕುರ್‌ಆನ್ ತೆರೆದು ಹತ್ತೊಂಬತ್ತನೆಯ ಪಾರಾವನ್ನು ನನ್ನ ಕಡೆ ತಿರುಗಿಸಿಟ್ಟು, ತಾವು ಬೆಂಚಿನ ಈಚೆ, ನಾವು ಕೂರುವ ಚಾಪೆಯ ಮೇಲೆ ಮಂಡಿ ಮಡಚಿ ಕೂತರು. ಕಣ್ಣು ಮುಚ್ಚಿ ಶುರು ಮಾಡಿದರು. ಆ ತಿರುವು ಬಂತು. ಜಾರಿದರು.

ತಿಂಗಳುಗಟ್ಟಲೆ ಅವರನ್ನು ಹಿಡಿದುಹಾಕಲು ಕಾದಿದ್ದ ನನಗೆ ಕೈ ಏಳಲಿಲ್ಲ. ಒಂದು ಸಾಲು ಹೋಗಲು ಬಿಟ್ಟೆ. ಅವರು ಕಣ್ಣು ತೆರೆದರು.

"ನೀನೂ ಬುಟ್ಬುಟ್ರೆ ನಂಗೆ ಇನ್ಯಾರು ಹೇಳ್ತಾರೋ?" ಎಂದರು. "ತಟ್ಟು."

ನಾನು ಬೆಂಚಿಗೆ ತಟ್ಟಿದೆ. ಅವರು ತಲೆ ತಗ್ಗಿಸಿ, ಪುಟದ ಮೊದಲಿಂದ ಮತ್ತೆ ಹೇಳತೊಡಗಿದರು.